ಎಂಬತ್ತನಾಲ್ಕು ಕಾಲೊನಿ ಎಲ್ಲಿ ಹೋದವು? ಮೈಕ್ರೋಬಯಾಲಜಿ ಪ್ರಯೋಗದ ‘ವಿಧಾನ’ ಬರೆಯುವ ಬಗೆ

ಕಳೆದ ಡಿಸೆಂಬರಿನಲ್ಲಿ ನಮ್ಮ ಲ್ಯಾಬಿನಲ್ಲಿ ಒಬ್ಬ ಹುಡುಗಿ ಪೆಟ್ರಿ ಪ್ಲೇಟುಗಳನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡು ಪೆಚ್ಚುಮೋರೆ ಹಾಕಿ ನಿಂತಿದ್ದಳು. ಹಿಂದಿನ ಬ್ಯಾಚಿನವಳೊಬ್ಬಳು ಮಾಡಿದ ಪ್ರಾಜೆಕ್ಟನ್ನೇ ಮತ್ತೆ ಮಾಡಿ, ಅಲ್ಲಿಂದ ಮುಂದುವರಿಸುವುದು ಅವಳ ಕೆಲಸ. ದೋಸೆ ಹಿಟ್ಟಿನಲ್ಲಿ ಎಷ್ಟು ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾ ಇವೆ ಎಂದು ಎಣಿಸುವ ಸರಳ ಪ್ರಯೋಗ ಅದು. ಹಳೆಯ ವರದಿಯ ಕೋಷ್ಟಕದಲ್ಲಿ 10⁻⁶ ಡೈಲ್ಯೂಷನ್ನಿನ ಎದುರಿಗೆ 84 ಕಾಲೊನಿ ಎಂದಿತ್ತು. ಇವಳ 10⁻⁶ ಪ್ಲೇಟುಗಳಲ್ಲಿ ಬಂದಿದ್ದು 7, 10 ಮತ್ತು 9.

“ಮೇಡಂ, ನನ್ನ ಹಿಟ್ಟು ಸತ್ತೇ ಹೋಗಿದೆ ಅನ್ಸುತ್ತೆ” ಎಂದಳು.

ಹಿಟ್ಟು ಸತ್ತಿರಲಿಲ್ಲ. ಹಿಂದಿನ ವರದಿಯ ‘ವಿಧಾನ’ ಭಾಗದಲ್ಲಿ ಇದ್ದದ್ದು ಇಷ್ಟೇ:

“ದೋಸೆ ಹಿಟ್ಟನ್ನು ಕೋಣೆಯ ತಾಪಮಾನದಲ್ಲಿ ರಾತ್ರಿಯಿಡೀ ಹುದುಗಿಸಲಾಯಿತು. ಸೀರಿಯಲ್ ಡೈಲ್ಯೂಷನ್ ಮಾಡಿ ಎಂಆರ್‌ಎಸ್ ಅಗಾರ್‌ನಲ್ಲಿ ಪ್ಲೇಟ್ ಮಾಡಲಾಯಿತು. ಇನ್‌ಕ್ಯುಬೇಟ್ ಮಾಡಿದ ನಂತರ ಕಾಲೊನಿಗಳನ್ನು ಎಣಿಸಲಾಯಿತು.”

ಮೂರು ವಾಕ್ಯ, ಮೂರರಲ್ಲೂ ಸುಳ್ಳಿಲ್ಲ. ಆದರೆ ಇದನ್ನು ಕೈಯಲ್ಲಿ ಹಿಡಿದುಕೊಂಡು ಬೆಂಚಿನ ಮುಂದೆ ನಿಂತರೆ ಮೊದಲ ಐದು ನಿಮಿಷದಲ್ಲೇ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಇದನ್ನು ಇನ್ನೊಬ್ಬ ವಿದ್ಯಾರ್ಥಿ ಕಣ್ಣುಮುಚ್ಚಿ ನಂಬಿ ಮಾಡಬಹುದಾದ ವಿಧಾನವಾಗಿ ಹೇಗೆ ಬರೆಯಬೇಕು ಎಂಬುದನ್ನು ಒಂದೊಂದೇ ಹಂತವಾಗಿ ನೋಡೋಣ. ನಿಮ್ಮ ವರದಿ ಇಂಗ್ಲಿಷಿನಲ್ಲಿದ್ದರೂ ಸರಿಯೇ, ಬರೆಯಬೇಕಾದ ವಿಷಯ ಬದಲಾಗುವುದಿಲ್ಲ.

ಮೊದಲ ಹಂತ: ರಫ್ ನೋಟ್‌ಬುಕ್ಕಿನಿಂದ ಬರೆಯಿರಿ, ನೆನಪಿನಿಂದ ಅಲ್ಲ

ವಿಧಾನದ ಕರಡು ಹುಟ್ಟಬೇಕಾದದ್ದು ಪ್ರಯೋಗದ ದಿನ, ಬೆಂಚಿನ ಮೇಲೆ. ಪರೀಕ್ಷೆ ಹತ್ತಿರ ಬಂದಾಗ ಹಾಸ್ಟೆಲಿನಲ್ಲಿ ಕೂತು ಬರೆದರೆ ಕೈ ತಾನಾಗಿಯೇ ಪ್ರಾಕ್ಟಿಕಲ್ ಮ್ಯಾನ್ಯುಅಲ್ಲಿನ ಮಾತನ್ನು ಬರೆಯುತ್ತದೆ. ಮ್ಯಾನ್ಯುಅಲ್ಲಿನಲ್ಲಿ 48 ಗಂಟೆ ಎಂದಿರುತ್ತದೆ. ನೀವು ಶುಕ್ರವಾರ ಸಂಜೆ ಇಟ್ಟು ಸೋಮವಾರ ಬೆಳಿಗ್ಗೆ ತೆಗೆದಿರುತ್ತೀರಿ, ಅಂದರೆ ಸುಮಾರು 64 ಗಂಟೆ. ಬರೆಯಬೇಕಾದದ್ದು 64.

ವಿಧಾನ ಎಂದರೆ ‘ಹೀಗೆ ಮಾಡಿ’ ಎಂಬ ಅಡುಗೆ ಪುಸ್ತಕವಲ್ಲ, ‘ಹೀಗೆ ಮಾಡಿದೆ’ ಎಂಬ ಹೇಳಿಕೆ. ಹಾಗಾಗಿ ಭೂತಕಾಲ. ‘ಸೇರಿಸಲಾಯಿತು’ ಎನ್ನಿ ಅಥವಾ ‘ಸೇರಿಸಿದೆವು’ ಎನ್ನಿ, ನಿಮ್ಮ ವಿಭಾಗದವರು ಕೇಳಿದಂತೆ. ಈ ಬಗ್ಗೆ ಜಗಳವಾಡುವವರಿದ್ದಾರೆ. ನನಗೆ ಎರಡೂ ಒಂದೇ.

ಎರಡನೆಯ ಹಂತ: ಸ್ಯಾಂಪಲ್ಲಿನ ಪೂರ್ವಕಥೆ

ಎಲ್ಲರೂ ಅಗಾರ್‌ನಿಂದ ಶುರು ಮಾಡುತ್ತಾರೆ. ನನ್ನ ಅನುಭವದಲ್ಲಿ ಫಲಿತಾಂಶ ದಾರಿ ತಪ್ಪುವುದು ಅದಕ್ಕಿಂತ ಮುಂಚೆಯೇ, ಪಾತ್ರೆಯಲ್ಲಿ.

‘ಕೋಣೆಯ ತಾಪಮಾನ’ ಎಂಬ ಮಾತನ್ನು ತೆಗೆದುಕೊಳ್ಳಿ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಹೊರಗೆ 34 ಡಿಗ್ರಿಯ ಹತ್ತಿರ ಹೋಗುತ್ತದೆ, ಡಿಸೆಂಬರಿನ ಬೆಳಗಿನ ಜಾವ 16ರ ಆಸುಪಾಸಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ರಾತ್ರಿ ಹತ್ತಕ್ಕೆ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಆರಕ್ಕೆ ಪಾತ್ರೆಯಿಂದ ಉಕ್ಕಿ ಕಟ್ಟೆಯ ಮೇಲೆ ಹರಿದಿರುತ್ತದೆ. ಚಳಿಗಾಲದಲ್ಲಿ ಒಂಬತ್ತು ಗಂಟೆಗೂ ಕದಲಿರುವುದಿಲ್ಲ. ಇದು ನಮ್ಮ ಅಮ್ಮಂದಿರಿಗೆಲ್ಲ ಗೊತ್ತು, ಅದಕ್ಕೇ ಪಾತ್ರೆಗೆ ಕಂಬಳಿ ಸುತ್ತುತ್ತಾರೆ. ಆದರೆ ಅದೇ ಮನೆಯ ಮಕ್ಕಳು ವರದಿಯಲ್ಲಿ ‘ಕೋಣೆಯ ತಾಪಮಾನದಲ್ಲಿ ರಾತ್ರಿಯಿಡೀ’ ಎಂದು ಬರೆದು ಮುಗಿಸುತ್ತಾರೆ. ಹಳೆಯ ಪ್ರಯೋಗ ನಡೆದಿದ್ದು ಏಪ್ರಿಲಿನಲ್ಲಿ, ಇವಳದ್ದು ಡಿಸೆಂಬರಿನಲ್ಲಿ. ಪುಣ್ಯಕ್ಕೆ ಇವಳು ಹಿಟ್ಟನ್ನು 28 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಇಟ್ಟಿದ್ದಳು. ಇನ್‌ಕ್ಯುಬೇಟರ್ ಸಿಗದಿದ್ದರೆ ಪಾತ್ರೆಯ ಪಕ್ಕ ಥರ್ಮಾಮೀಟರ್ ಇಟ್ಟು, ಶುರುವಿನ, ನಡುವಿನ ಮತ್ತು ಕೊನೆಯ ತಾಪಮಾನ ಬರೆದರೂ ಸಾಕು.

‘ಉಬ್ಬುವವರೆಗೆ’ ಎಂಬುದೂ ಇದೇ ಜಾತಿಯ ಮಾತು. ಅದನ್ನು ಅಳೆಯಬಹುದಾದ ಎರಡು ಸಂಗತಿಗಳಾಗಿ ಒಡೆಯಿರಿ: ಎಷ್ಟು ಗಂಟೆ, ಮತ್ತು ಕೊನೆಯಲ್ಲಿ ಪಿಎಚ್ ಎಷ್ಟು. ರುಬ್ಬಿದ ಹಿಟ್ಟಿನ ಪಿಎಚ್ 6ರ ಹತ್ತಿರ ಶುರುವಾಗಿ, ಚೆನ್ನಾಗಿ ಹುಳಿ ಬಂದಾಗ 4.5ರ ಆಸುಪಾಸಿಗೆ ಇಳಿಯುತ್ತದೆ. ಪಿಎಚ್ ಬರೆದಿದ್ದರೆ, ಮುಂದಿನವರ ಹಿಟ್ಟು ನಿಮ್ಮದರಷ್ಟೇ ಹುದುಗಿದೆಯೋ ಇಲ್ಲವೋ ಎಂದು ಪ್ಲೇಟ್ ಮಾಡುವ ಮೊದಲೇ ತಿಳಿಯುತ್ತದೆ.

ಇನ್ನು ನೀರು. ಕಾವೇರಿ ನಲ್ಲಿಯ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಬೋರ್‌ವೆಲ್ ನೀರು ಗಡಸು. ‘ನೀರು’ ಎಂದಷ್ಟೇ ಬರೆದರೆ ಯಾವುದೆಂದು ಯಾರಿಗೆ ಗೊತ್ತು? ಕೊನೆಯದಾಗಿ, ಹಿಟ್ಟನ್ನು ಕಲಸಿದ್ದು ಬರಿಗೈಯಲ್ಲೋ, ಸೌಟಿನಲ್ಲೋ? ಮನೆಯಲ್ಲಿ ಕೈಯಲ್ಲೇ ಕಲಸುತ್ತೇವೆ, ಅದರಿಂದ ಹಿಟ್ಟಿಗೆ ಹೋಗುವ ಬ್ಯಾಕ್ಟೀರಿಯಾ ಕಡಿಮೆಯಲ್ಲ. ಮೈಕ್ರೋಬಯಾಲಜಿ ವರದಿಯಲ್ಲಿ ಕೈಯೂ ಒಂದು ಸಾಮಗ್ರಿ.

ಮೂರನೆಯ ಹಂತ: ಸಾಮಗ್ರಿಗಳು

ಇಲ್ಲಿ ಬಹಳ ಮಂದಿ ಅಂಗಡಿ ಚೀಟಿ ಬರೆಯುತ್ತಾರೆ: ಪೆಟ್ರಿ ಪ್ಲೇಟ್, ಹತ್ತಿ, ಬನ್ಸೆನ್ ಬರ್ನರ್, ಗ್ಲಾಸ್ ರಾಡ್. ಇವನ್ನು ಪಟ್ಟಿ ಮಾಡಬೇಕಿಲ್ಲ. ಯಾವುದು ಬದಲಾದರೆ ಫಲಿತಾಂಶ ಬದಲಾದೀತೋ ಅದನ್ನು ಮಾತ್ರ ವಿವರವಾಗಿ ಬರೆಯಿರಿ. ಹತ್ತಿ ಯಾವ ಕಂಪನಿಯದಾದರೂ ಒಂದೇ, ಮೀಡಿಯಂ ಹಾಗಲ್ಲ. ಮೀಡಿಯಂನ ಹೆಸರು, ತಯಾರಕರು, ಡಬ್ಬಿಯ ಮೇಲಿನ ಕೋಡ್, ಲಾಟ್ ಸಂಖ್ಯೆ, ಲೀಟರಿಗೆ ಎಷ್ಟು ಗ್ರಾಂ, ಕೊನೆಯ ಪಿಎಚ್ ಇಷ್ಟು ಬೇಕು. ‘ಡಬ್ಬಿಯ ಮೇಲೆ ಹೇಳಿದಷ್ಟು’ ಎಂದು ಬರೆದರೆ, ಓದುವವರ ಕೈಯಲ್ಲಿ ಬೇರೆ ಡಬ್ಬಿ ಇದ್ದೀತು. ಎಂಆರ್‌ಎಸ್ ಬ್ರಾತ್ ಪುಡಿಯ ಡಬ್ಬಿಯೂ ಎಂಆರ್‌ಎಸ್ ಅಗಾರ್ ಪುಡಿಯ ಡಬ್ಬಿಯೂ ನೋಡಲು ಅಕ್ಕತಂಗಿಯರಂತೆ ಇರುತ್ತವೆ, ತೂಕ ಮಾತ್ರ ಬೇರೆ ಬೇರೆ.

ಆಟೋಕ್ಲೇವಿನ ಬಗ್ಗೆ ಬೆಂಗಳೂರಿನವರು ಒಂದು ವಿಷಯ ಗಮನಿಸಬೇಕು. ‘15 ಪಿಎಸ್‌ಐ, 15 ನಿಮಿಷ’ ಎಂದು ಎಲ್ಲರೂ ಬರೆಯುತ್ತಾರೆ. ಸಮುದ್ರಮಟ್ಟದಲ್ಲಿ 15 ಪಿಎಸ್‌ಐ ಗೇಜ್ ಒತ್ತಡ ಎಂದರೆ 121 ಡಿಗ್ರಿ. ಆದರೆ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಒತ್ತಡ ಇದೆ ಎಂಬುದನ್ನು. ನಾವಿರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಇಲ್ಲಿ ಹೊರಗಿನ ಒತ್ತಡವೇ ಕಡಿಮೆ. ಹಾಗಾಗಿ ಅದೇ 15 ಪಿಎಸ್‌ಐಗೆ ಒಳಗಿನ ಹಬೆ ಸುಮಾರು ಒಂದೂವರೆ ಡಿಗ್ರಿ ತಣ್ಣಗಿರುತ್ತದೆ. ಇದರಿಂದ ಮೀಡಿಯಂ ಕೆಡುತ್ತದೆ ಎಂದಲ್ಲ. ಆದರೆ ಮಂಗಳೂರಿನಲ್ಲಿ ಓದುವವರಿಗೂ ಅರ್ಥವಾಗಬೇಕಾದರೆ ತಾಪಮಾನ ಬರೆಯಿರಿ, ಆ ತಾಪಮಾನ ಮುಟ್ಟಿದ ಮೇಲೆ ಎಷ್ಟು ನಿಮಿಷ ಎಂದೂ ಬರೆಯಿರಿ. ಎಂಆರ್‌ಎಸ್‌ನಲ್ಲಿ ಗ್ಲೂಕೋಸ್ ಇದೆ. ಮರೆತು ಮುಕ್ಕಾಲು ಗಂಟೆ ಬಿಟ್ಟರೆ ಮೀಡಿಯಂ ಕಡು ಕಂದು ಬಣ್ಣಕ್ಕೆ ತಿರುಗುತ್ತದೆ, ಪಿಎಚ್ ಕೂಡ ಇಳಿಯುತ್ತದೆ. ಹಾಗಾಗಿದ್ದರೆ ಚೆಲ್ಲಿ ಹೊಸದು ಮಾಡಿ.

ನಾಲ್ಕನೆಯ ಹಂತ: ಡೈಲ್ಯೂಷನ್ ಮತ್ತು ಪ್ಲೇಟಿಂಗ್

ಕಳೆದುಹೋದ ಕಾಲೊನಿಗಳು ಇಲ್ಲಿವೆ. ನಮ್ಮ ಹುಡುಗಿ ಹಿಂದಿನ ಬ್ಯಾಚಿನವಳಿಗೆ ಫೋನ್ ಹಚ್ಚಿದಳು. “ಅಕ್ಕಾ, ಪ್ಲೇಟಿಗೆ ಎಷ್ಟು ಹಾಕಿದ್ರಿ?” ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಒಂದು ಎಂಎಲ್ ಕಣೇ, ಪೋರ್ ಪ್ಲೇಟ್ ಮಾಡಿದ್ದೆ. ಯಾಕೆ, ಬರೆದಿಲ್ವಾ?”

ಬರೆದಿರಲಿಲ್ಲ. ಇವಳು ಸ್ಪ್ರೆಡ್ ಪ್ಲೇಟ್ ಮಾಡಿದ್ದಳು, ಹಾಕಿದ್ದು 0.1 ಮಿ.ಲೀ. ಹತ್ತರಲ್ಲಿ ಒಂದು ಪಾಲು ಹಾಕಿದರೆ ಕಾಲೊನಿಯೂ ಹತ್ತರಲ್ಲಿ ಒಂದು ಪಾಲೇ ಬರಬೇಕು. 84ರ ಜಾಗದಲ್ಲಿ ಎಂಟೊಂಬತ್ತು ಬಂದಿದ್ದು ಲೆಕ್ಕಕ್ಕೆ ಸರಿಯಾಗಿಯೇ ಇತ್ತು.

ಆದ್ದರಿಂದ ‘10⁻⁶ ಪ್ಲೇಟ್’ ಎಂದು ಎಂದೂ ಬರೆಯಬೇಡಿ. 10⁻⁶ ಎಂಬುದು ಟ್ಯೂಬಿನ ಹೆಸರು. ಆ ಟ್ಯೂಬಿನಿಂದ ಎಷ್ಟು ಮಿ.ಲೀ. ತೆಗೆದು, ಯಾವ ಬಗೆಯಲ್ಲಿ, ಎಷ್ಟು ಪ್ಲೇಟಿಗೆ ಹಾಕಿದಿರಿ ಎಂಬ ಮೂರೂ ಸೇರಿದರೆ ಮಾತ್ರ ಅರ್ಥ ಪೂರ್ತಿಯಾಗುತ್ತದೆ. ಕೆಲವರು 0.1 ಮಿ.ಲೀ. ಹಾಕಿದ್ದನ್ನೂ ಸೇರಿಸಿ ಪ್ಲೇಟಿನ ಮೇಲೆ 10⁻⁷ ಎಂದು ಬರೆಯುತ್ತಾರೆ. ಅದು ತಪ್ಪಲ್ಲ. ಆದರೆ ಹಾಗೆ ಬರೆದಿದ್ದೇನೆ ಎಂದು ಹೇಳದಿದ್ದರೆ ಓದುವವರು ಇನ್ನೊಮ್ಮೆ ಹತ್ತರಿಂದ ಗುಣಿಸುತ್ತಾರೆ. ಪೋರ್ ಪ್ಲೇಟ್ ಆಗಿದ್ದರೆ ಕರಗಿದ ಅಗಾರ್ ಸುರಿದಾಗ ಎಷ್ಟು ಬಿಸಿ ಇತ್ತು ಎಂದೂ ಬೇಕು. 45 ಡಿಗ್ರಿಗೆ ತಣಿಸದೆ ಅವಸರದಲ್ಲಿ ಸುರಿದರೆ ಎಷ್ಟೋ ಜೀವಕೋಶಗಳು ಅಲ್ಲೇ ಬೆಂದುಹೋಗುತ್ತವೆ.

ಡೈಲ್ಯೂಷನ್ನಿನಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಕಳ್ಳ ಇದ್ದಾನೆ. ಟ್ಯೂಬಿಗೆ 9 ಮಿ.ಲೀ. ಸಲೈನ್ ತುಂಬಿ ಆಮೇಲೆ ಆಟೋಕ್ಲೇವ್ ಮಾಡಿದರೆ, ಆವಿಯಾಗಿ ಸ್ವಲ್ಪ ಕಡಿಮೆಯಾಗುತ್ತದೆ. 8.5 ಮಿ.ಲೀ. ಉಳಿಯಿತು ಎಂದುಕೊಳ್ಳಿ. ಆಗ ಒಂದೊಂದು ಹಂತವೂ ಹತ್ತು ಪಟ್ಟಿನ ಬದಲು ಒಂಬತ್ತೂವರೆ ಪಟ್ಟು ಮಾತ್ರ ತೆಳುವಾಗುತ್ತದೆ. ಒಂದು ಹಂತಕ್ಕೆ ಇದು ಏನೂ ಅಲ್ಲ. ಐದು ಹಂತ ಕಳೆಯುವಷ್ಟರಲ್ಲಿ ಎಣಿಕೆ ಶೇ 29ರಷ್ಟು ಉಬ್ಬಿರುತ್ತದೆ. ಹಾಗಾಗಿ ಸಲೈನನ್ನು ಬಾಟಲಿಯಲ್ಲಿ ಸ್ಟೆರಿಲೈಸ್ ಮಾಡಿ, ತಣಿದ ಮೇಲೆ ಸ್ಟೆರೈಲ್ ಟ್ಯೂಬುಗಳಿಗೆ ಅಳೆದು ಹಾಕುವುದು ಒಳ್ಳೆಯದು. ಯಾವ ಕ್ರಮದಲ್ಲಿ ಮಾಡಿದಿರಿ ಎಂದು ಒಂದೇ ವಾಕ್ಯದಲ್ಲಿ ಹೇಳಿಬಿಡಿ.

ಕಲಕಿದ್ದು ಹೇಗೆ ಎಂಬುದೂ ಚಿಕ್ಕ ವಿಷಯವಲ್ಲ. ಹಿಟ್ಟಿನಲ್ಲಿ ಹೆಚ್ಚಾಗಿ ಸಿಗುವ ಲ್ಯೂಕೊನೊಸ್ಟಾಕ್ ಬ್ಯಾಕ್ಟೀರಿಯಾ ಜೋಡಿಯಾಗಿ, ಸರಪಳಿಯಾಗಿ ಇರುತ್ತದೆ. ಎಂಟು ಕೋಶಗಳ ಒಂದು ಸರಪಳಿ ಪ್ಲೇಟಿನ ಮೇಲೆ ಬಿದ್ದರೆ ಬೆಳೆಯುವುದು ಒಂದೇ ಕಾಲೊನಿ. ವೋರ್ಟೆಕ್ಸ್ ಮೇಲೆ ಚೆನ್ನಾಗಿ ಅಲುಗಿಸಿ ಸರಪಳಿ ಎರಡಾಗಿ ಮುರಿದರೆ ಎರಡು ಕಾಲೊನಿ. ಒಬ್ಬರು ಟ್ಯೂಬನ್ನು ಅಂಗೈಯಲ್ಲಿ ಉರುಳಿಸಿ, ಇನ್ನೊಬ್ಬರು ಅರ್ಧ ನಿಮಿಷ ವೋರ್ಟೆಕ್ಸ್ ಮಾಡಿದರೆ ಇಬ್ಬರ ಎಣಿಕೆ ಒಂದೇ ಆಗಬೇಕಾಗಿಲ್ಲ. ‘ಚೆನ್ನಾಗಿ ಕಲಕಲಾಯಿತು’ ಎಂಬುದನ್ನು ಹೊಡೆದುಹಾಕಿ, ಯಾವುದರಿಂದ, ಎಷ್ಟು ಸೆಕೆಂಡು ಎಂದು ಬರೆಯಿರಿ. ಪ್ರತಿ ಹಂತಕ್ಕೂ ಹೊಸ ಟಿಪ್ ಬಳಸಿದಿರಾ ಎಂಬುದನ್ನೂ ಸೇರಿಸಿ. ಹಳೆಯ ಟಿಪ್ಪಿನ ಗೋಡೆಗೆ ಅಂಟಿದ ಗಟ್ಟಿ ಹಿಟ್ಟು ಮುಂದಿನ ಟ್ಯೂಬಿಗೆ ಹೋಗಿ ಲೆಕ್ಕ ಕೆಡಿಸುತ್ತದೆ.

ಐದನೆಯ ಹಂತ: ಇನ್‌ಕ್ಯುಬೇಷನ್

ತಾಪಮಾನ, ಗಂಟೆ, ಪ್ಲೇಟ್ ತಲೆಕೆಳಗಾಗಿ ಇತ್ತೋ ಇಲ್ಲವೋ, ಗಾಳಿಯಲ್ಲೋ ಕ್ಯಾಂಡಲ್ ಜಾರಿನಲ್ಲೋ. ಇಷ್ಟೇ. ಆದರೆ ತಾಪಮಾನವನ್ನು ಅಭ್ಯಾಸಬಲದಿಂದ 37 ಎಂದು ಬರೆಯಬೇಡಿ, ಇಡಲೂ ಬೇಡಿ. ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್‌ಗೆ ಹಿತವಾದದ್ದು 20ರಿಂದ 30 ಡಿಗ್ರಿ, 37ರಲ್ಲಿ ಅದು ಸೊರಗುತ್ತದೆ. ಅದೇ ಹಿಟ್ಟಿನ ಅದೇ ಟ್ಯೂಬು 30 ಡಿಗ್ರಿಯಲ್ಲಿ ಒಂದು ಎಣಿಕೆ, 37ರಲ್ಲಿ ಇನ್ನೊಂದು ಎಣಿಕೆ ಕೊಡಬಹುದು.

ಆರನೆಯ ಹಂತ: ಎಣಿಕೆಯ ನಿಯಮ ಮತ್ತು ಲೆಕ್ಕ

ಯಾವ ಪ್ಲೇಟನ್ನು ಲೆಕ್ಕಕ್ಕೆ ತೆಗೆದುಕೊಂಡಿರಿ, ಯಾವುದನ್ನು ಬಿಟ್ಟಿರಿ ಎಂಬುದೂ ವಿಧಾನದ ಭಾಗವೇ. ಸಾಮಾನ್ಯವಾಗಿ 30ರಿಂದ 300 ಕಾಲೊನಿ ಇರುವ ಪ್ಲೇಟುಗಳನ್ನು ಮಾತ್ರ ಎಣಿಸುತ್ತಾರೆ, 25ರಿಂದ 250 ಎಂಬ ಮಿತಿಯೂ ಬಳಕೆಯಲ್ಲಿದೆ. ಒಂದನ್ನು ಆರಿಸಿ, ಬರೆಯಿರಿ. ಈ ಲೆಕ್ಕದಲ್ಲಿ ನಮ್ಮ ಹುಡುಗಿಯ 7, 10, 9 ಬಂದ ಪ್ಲೇಟುಗಳು ಹೊರಗೆ ಬಿದ್ದವು. ಅವಳ ಹತ್ತಿರ 10⁻⁵ ಟ್ಯೂಬಿನಿಂದ ಹಾಕಿದ ಪ್ಲೇಟುಗಳೂ ಇದ್ದವು: 78, 91, 83. ಸರಾಸರಿ 84. ಪ್ಲೇಟಿಗೆ ಹಾಕಿದ್ದು 0.1 ಮಿ.ಲೀ. ಹಾಗಾಗಿ,

84 ÷ (0.1 × 10⁻⁵) = 8.4 × 10⁷

ಗ್ರಾಂ ಹಿಟ್ಟಿಗೆ 8.4 × 10⁷ ಸಿಎಫ್‌ಯು. ಹಿಂದಿನವಳ ಲೆಕ್ಕ, 84 ÷ (1 × 10⁻⁶), ಅದೂ 8.4 × 10⁷. ಸಂಖ್ಯೆ ಹೀಗೆ ತದ್ರೂಪವಾಗಿ ಕೂಡಿಬಂದದ್ದು ಕಾಕತಾಳೀಯ. ಎಂಟು ತಿಂಗಳ ಅಂತರದಲ್ಲಿ ಬೇರೆ ಅಕ್ಕಿ, ಬೇರೆ ಹವೆಯಲ್ಲಿ ಮಾಡಿದ ಹಿಟ್ಟು ಎರಡು ಪಟ್ಟು ಆಚೀಚೆ ಆಗಿದ್ದರೂ ನಾನು ಆಶ್ಚರ್ಯಪಡುತ್ತಿರಲಿಲ್ಲ.

ಒಂದು ಟ್ಯೂಬಿನಿಂದ ಮೂರು ಪ್ಲೇಟ್ ಹಾಕಿದರೆ ಅದು ಮೂರು ಪ್ರಯೋಗವಲ್ಲ, ಒಂದೇ ಪ್ರಯೋಗವನ್ನು ಮೂರು ಸಲ ನೋಡಿದಂತೆ. ನಿಮ್ಮ ಪಿಪೆಟಿಂಗ್ ಎಷ್ಟು ಸ್ಥಿರ ಎಂದಷ್ಟೇ ಅದು ಹೇಳುತ್ತದೆ. ಮೂರು ಬೇರೆ ದಿನ ಮೂರು ಸಲ ರುಬ್ಬಿ ಮಾಡಿದರೆ ಮಾತ್ರ ಹಿಟ್ಟಿನ ಬಗ್ಗೆ ಮೂರು ಎಣಿಕೆ ಸಿಕ್ಕಂತೆ. ‘ಮೂರು ಬಾರಿ ಮಾಡಲಾಯಿತು’ ಎಂಬ ವಾಕ್ಯ ಯಾವುದನ್ನು ಹೇಳುತ್ತಿದೆ ಎಂದು ಬಿಡಿಸಿ ಬರೆಯಿರಿ.

ಎಣಿಸಿದ್ದು ನಿಜಕ್ಕೂ ಏನನ್ನು ಎಂಬ ಪ್ರಶ್ನೆಯೂ ಇದೆ. ಎಂಆರ್‌ಎಸ್ ಅಗಾರ್ ಮೇಲೆ ಬೆಳೆದದ್ದೆಲ್ಲ ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾ ಅಲ್ಲ, ಹಿಟ್ಟಿನ ಯೀಸ್ಟ್ ಕೂಡ ಅಲ್ಲಿ ಬೆಳೆಯುತ್ತದೆ. ಸ್ವಲ್ಪ ದೊಡ್ಡದಾಗಿ, ಮಂಕು ಬಿಳಿಯಾಗಿ ಕಾಣುವ ಕಾಲೊನಿಯ ಮೇಲೆ ಸಂಶಯ ಬಂದರೆ ಸ್ಲೈಡಿನ ಮೇಲೆ ಸ್ವಲ್ಪ ತೆಗೆದು ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಬಿಡಿ. ಯೀಸ್ಟ್ ಆದರೆ ನೊರೆ ಬರುತ್ತದೆ. ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾಗೆ ಕ್ಯಾಟಲೇಸ್ ಇಲ್ಲ, ಹನಿ ಸುಮ್ಮನೆ ಕೂತಿರುತ್ತದೆ. ಎಷ್ಟು ಕಾಲೊನಿಗಳನ್ನು ಹೀಗೆ ಪರೀಕ್ಷಿಸಿದಿರಿ, ಅವನ್ನು ಹೇಗೆ ಆರಿಸಿದಿರಿ ಎಂದು ಬರೆಯಿರಿ.

ಏಳನೆಯ ಹಂತ: ಎಲ್ಲ ಸೇರಿಸಿ ಬರೆದರೆ

ಆ ಮೂರು ವಾಕ್ಯದ ಜಾಗದಲ್ಲಿ ನಮ್ಮ ಹುಡುಗಿ ಕೊನೆಗೆ ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು:

“400 ಗ್ರಾಂ ದೋಸೆ ಅಕ್ಕಿ, 100 ಗ್ರಾಂ ಉದ್ದಿನಬೇಳೆ ಮತ್ತು 5 ಗ್ರಾಂ ಮೆಂತ್ಯವನ್ನು ಕಾವೇರಿ ನಲ್ಲಿ ನೀರಿನಲ್ಲಿ ಮೂರು ಬಾರಿ ತೊಳೆದು, ಕುದಿಸಿ ಆರಿಸಿದ 1.5 ಲೀಟರ್ ನೀರಿನಲ್ಲಿ 6 ಗಂಟೆ ನೆನೆಸಲಾಯಿತು. ನೀರು ಬಸಿದು, 600 ಮಿ.ಲೀ. ಹೊಸ ನೀರು ಸೇರಿಸಿ ವೆಟ್ ಗ್ರೈಂಡರಿನಲ್ಲಿ 30 ನಿಮಿಷ ರುಬ್ಬಿ, ಉಪ್ಪು ಸೇರಿಸಿ ಬರಿಗೈಯಲ್ಲಿ 1 ನಿಮಿಷ ಕಲಸಲಾಯಿತು. ಹಿಟ್ಟನ್ನು 3 ಲೀಟರ್ ಸ್ಟೀಲ್ ಪಾತ್ರೆಯಲ್ಲಿ ಮುಚ್ಚಳ ಮುಚ್ಚಿ 28 ಡಿಗ್ರಿಯಲ್ಲಿ 14 ಗಂಟೆ ಇಡಲಾಯಿತು. ಪಿಎಚ್ ಅನ್ನು ಶುರುವಿನಲ್ಲಿ ಮತ್ತು ಕೊನೆಯಲ್ಲಿ ಅಳೆಯಲಾಯಿತು.

ಹುದುಗಿದ ಹಿಟ್ಟನ್ನು ಸ್ಟೆರೈಲ್ ಚಮಚದಿಂದ ಹತ್ತು ಸುತ್ತು ತಿರುಗಿಸಿ, ಪಾತ್ರೆಯ ನಡುವಿನಿಂದ 10 ಗ್ರಾಂ ತೆಗೆದು 90 ಮಿ.ಲೀ. ಸ್ಟೆರೈಲ್ ಸಲೈನಿಗೆ (ಶೇ 0.85 ಸೋಡಿಯಂ ಕ್ಲೋರೈಡ್) ಹಾಕಿ 1 ನಿಮಿಷ ಕೈಯಿಂದ ಕುಲುಕಲಾಯಿತು, ಇದು 10⁻¹. ಇದರಿಂದ 1 ಮಿ.ಲೀ. ಅನ್ನು 9 ಮಿ.ಲೀ. ಸಲೈನಿಗೆ ವರ್ಗಾಯಿಸುತ್ತಾ 10⁻⁶ವರೆಗೆ ತೆಳುಗೊಳಿಸಲಾಯಿತು. ಸಲೈನನ್ನು ಆಟೋಕ್ಲೇವ್ ಮಾಡಿದ ನಂತರ ಟ್ಯೂಬುಗಳಿಗೆ ಅಳೆದು ಹಾಕಲಾಗಿತ್ತು. ಪ್ರತಿ ಹಂತಕ್ಕೂ ಹೊಸ ಟಿಪ್ ಬಳಸಿ, ಪ್ರತಿ ಟ್ಯೂಬನ್ನು 10 ಸೆಕೆಂಡು ವೋರ್ಟೆಕ್ಸ್ ಮಾಡಲಾಯಿತು. 10⁻⁴, 10⁻⁵ ಮತ್ತು 10⁻⁶ ಟ್ಯೂಬುಗಳಿಂದ ತಲಾ 0.1 ಮಿ.ಲೀ. ಅನ್ನು ಮೂರು ಮೂರು ಪ್ಲೇಟುಗಳ ಮೇಲೆ ಸ್ಪ್ರೆಡ್ ಮಾಡಲಾಯಿತು (ಪ್ಲೇಟಿಗೆ 20 ಮಿ.ಲೀ. ಎಂಆರ್‌ಎಸ್ ಅಗಾರ್). ಮೊದಲ ಡೈಲ್ಯೂಷನ್ನಿನಿಂದ ಕೊನೆಯ ಪ್ಲೇಟಿನವರೆಗೆ 25 ನಿಮಿಷ ಹಿಡಿಯಿತು. ಏನೂ ಹಾಕದ ಒಂದು ಪ್ಲೇಟ್ ಮತ್ತು ಸಲೈನ್ ಮಾತ್ರ ಹಾಕಿದ ಒಂದು ಪ್ಲೇಟನ್ನು ಕಂಟ್ರೋಲ್ ಆಗಿ ಇಡಲಾಯಿತು. ಎಲ್ಲವನ್ನೂ ತಲೆಕೆಳಗಾಗಿ, ಗಾಳಿಯಲ್ಲಿ, 30 ಡಿಗ್ರಿಯಲ್ಲಿ 48 ಗಂಟೆ ಇಟ್ಟು, 30ರಿಂದ 300 ಕಾಲೊನಿ ಇದ್ದ ಪ್ಲೇಟುಗಳನ್ನು ಎಣಿಸಲಾಯಿತು. ಇಡೀ ಪ್ರಯೋಗವನ್ನು ಬೇರೆ ಬೇರೆ ದಿನ ರುಬ್ಬಿದ ಮೂರು ಹಿಟ್ಟುಗಳ ಮೇಲೆ ಮಾಡಲಾಯಿತು. ಬಳಸಿದ ಪ್ಲೇಟುಗಳನ್ನು ಆಟೋಕ್ಲೇವ್ ಮಾಡಿ ವಿಲೇವಾರಿ ಮಾಡಲಾಯಿತು.”

ಮೀಡಿಯಂನ ವಿವರ ಇದಕ್ಕೂ ಮುಂಚಿನ ಪ್ಯಾರಾದಲ್ಲಿತ್ತು. ಉದ್ದವಾಯಿತೇ? ಅರ್ಧ ಪುಟ.

ಎಂಟನೆಯ ಹಂತ: ಬೇರೆಯವರ ಕೈಗೆ ಕೊಡಿ

ಬರೆದವರಿಗೆ ತಮ್ಮ ಬರಹದ ತೂತು ಕಾಣುವುದಿಲ್ಲ, ಖಾಲಿ ಜಾಗವನ್ನು ನೆನಪು ತುಂಬಿಬಿಡುತ್ತದೆ. ಈ ಪ್ರಯೋಗ ಮಾಡಿಲ್ಲದ ಗೆಳೆಯರೊಬ್ಬರನ್ನು ಬೆಂಚಿನ ಮುಂದೆ ನಿಲ್ಲಿಸಿ ಓದಲು ಹೇಳಿ. ಪ್ರತಿ ವಾಕ್ಯಕ್ಕೂ ಅವರು ಕೈಯಿಂದ ಅಭಿನಯಿಸಿ ತೋರಿಸಲಿ: ಈ ಟ್ಯೂಬು, ಈ ಪಿಪೆಟ್, ಇಷ್ಟು. ನೀವು ಬಾಯಿ ಬಿಡಬಾರದು. ಅವರು ಎಲ್ಲಿ ತಡೆದು ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ.

ನಮ್ಮ ಹುಡುಗಿಯ ಗೆಳತಿ ಎಲ್ಲೂ ನಿಲ್ಲದೆ ಓದಿಕೊಂಡು ಹೋಗಿ, ಮುಗಿಸಿ, ಮತ್ತೆ ಮೇಲಕ್ಕೆ ಬಂದಳು. “ಉಪ್ಪು ಎಷ್ಟೇ?” ಎಂದಳು.

ರುಬ್ಬಿ ಕಲಸಿದ್ದೆಲ್ಲ ಮನೆಯಲ್ಲಿ, ಉಪ್ಪು ಹಾಕಿದ್ದು ಅಮ್ಮ. ಫೋನಿನಲ್ಲಿ ಕೇಳಿದರೆ “ಕೈಗೆ ಬಂದಷ್ಟು ಹಾಕ್ದೆ ಕಣೇ, ಅದಕ್ಕೆಲ್ಲಾ ಲೆಕ್ಕ ಇರುತ್ತಾ” ಎಂಬ ಉತ್ತರ ಬಂತು. ಮರುದಿನ ಅವಳು ಡಬ್ಬಿಯೊಂದರಲ್ಲಿ ಅಮ್ಮ ಮೂರು ಸಲ ಬೇರೆ ಬೇರೆಯಾಗಿ ಕೈಯಳತೆಯಲ್ಲಿ ಹಾಕಿಕೊಟ್ಟ ಕಲ್ಲುಪ್ಪಿನ ಮೂರು ಪೊಟ್ಟಣ ತಂದಳು. ತಕ್ಕಡಿಯ ಮೇಲಿಟ್ಟರೆ 11, 14, 12 ಗ್ರಾಂ. ವಿಧಾನದಲ್ಲಿ ‘ಉಪ್ಪು’ ಎಂಬಲ್ಲಿ ‘ಅಂದಾಜು 11ರಿಂದ 14 ಗ್ರಾಂ ಕಲ್ಲುಪ್ಪು, ತೂಗದೆ ಹಾಕಿದ್ದು’ ಎಂದು ತಿದ್ದಿ, ಅಂದು ಸಂಜೆಯೇ ನನ್ನ ಮೇಜಿನ ಮೇಲೆ ಇಟ್ಟು ಹೋದಳು.